ಏಜೆಂಟ್ ಮಾತು ಮೀರಿದರೆ ಮಾಲೀಕ ದುಡ್ಡು ಕೊಡಬೇಕಾ? ಒಂದು ಮೆಕ್ಕೆಜೋಳದ ಲೆಕ್ಕ

ಏಜೆನ್ಸಿ ಅಧ್ಯಾಯದಲ್ಲಿ ಸೆಕ್ಷನ್‌ಗಳು ಜಾಸ್ತಿ. ಭಾರತೀಯ ಕರಾರು ಕಾಯ್ದೆ, 1872ರಲ್ಲಿ 182ರಿಂದ 238ರವರೆಗೆ ಹರಡಿವೆ. ಬಾಯಿಪಾಠ ಮಾಡೋದಕ್ಕಿಂತ ಒಂದೇ ವ್ಯವಹಾರ ಹಿಡಿದು ಕೊನೆವರೆಗೂ ಹೋದರೆ ಸಲೀಸಾಗಿ ಅರ್ಥವಾಗುತ್ತದೆ.

ದಾವಣಗೆರೆ ಕಡೆ ಕೋಳಿ ಆಹಾರ ತಯಾರಿಸುವ ಒಬ್ಬ ಮಾಲೀಕರಿದ್ದಾರೆ ಅಂತಿಟ್ಟುಕೊಳ್ಳಿ. ತಮ್ಮ ಏಜೆಂಟ್‌ಗೆ ಹೇಳುತ್ತಾರೆ: "ನೂರು ಕ್ವಿಂಟಾಲ್ ಮೆಕ್ಕೆಜೋಳ ತಗೋ, ಕ್ವಿಂಟಾಲಿಗೆ 2000 ರೂಪಾಯಿ ಮೀರಬೇಡ." ಏಜೆಂಟ್ 2200ಕ್ಕೆ ಮಾತಾಡಿಬಿಟ್ಟ. ಮಾಲು ಇನ್ನೂ ರೈತನ ಹತ್ತಿರವೇ ಇದೆ, ಅಷ್ಟರಲ್ಲಿ ದರ 1800ಕ್ಕೆ ಕುಸಿಯಿತು. ಮಾಲೀಕರು ಕೈ ಎತ್ತಿದರು. ಈಗ ರೈತ ಯಾರನ್ನು ಹಿಡಿಯಬೇಕು?

ಮೊದಲ ಪ್ರಶ್ನೆ, ನಿಜವಾದ ಅಧಿಕಾರ ಎಷ್ಟಿತ್ತು? ಅಧಿಕಾರವನ್ನು ಬಾಯಿಮಾತಲ್ಲಿ ಅಥವಾ ಬರಹದಲ್ಲಿ ಕೊಟ್ಟಿರಬಹುದು, ಅಥವಾ ನಡವಳಿಕೆಯಿಂದಲೇ ಊಹಿಸಿಕೊಳ್ಳುವಂತಿರಬಹುದು (ಸೆಕ್ಷನ್ 186, 187). ಕೆಲಸಕ್ಕೆ ಬೇಕಾದ ಎಲ್ಲ ಕಾನೂನುಬದ್ಧ ಕೆಲಸಗಳೂ ಅದರೊಳಗೆ ಸೇರುತ್ತವೆ ಅನ್ನುತ್ತದೆ 188. ಹಾಗಾಗಿ ಲಾರಿ ಗೊತ್ತು ಮಾಡೋಕೆ, ತೂಕ ಹಾಕಿಸೋಕೆ ಬೇರೆ ಅನುಮತಿ ಬೇಕಿಲ್ಲ. ಆದರೆ ದರದ ಮಿತಿಯನ್ನು ಸ್ಪಷ್ಟವಾಗಿ ಹೇಳಿದ್ದರಿಂದ 2200ಕ್ಕೆ ನಿಜವಾದ ಅಧಿಕಾರ ಇರಲಿಲ್ಲ.

ಇಲ್ಲಿ ತುಂಬ ಜನ ಸೀದಾ ಸ್ಥಿರೀಕರಣಕ್ಕೆ, ಅಂದರೆ ಮಾಲೀಕರು ಆಮೇಲೆ ಒಪ್ಪಿಕೊಂಡರಾ ಅನ್ನೋದಕ್ಕೆ ಹಾರುತ್ತಾರೆ. ಸ್ವಲ್ಪ ತಡೀರಿ. ಮಧ್ಯದಲ್ಲಿ ಸೆಕ್ಷನ್ 237 ಇದೆ. ಇದೇ ಏಜೆಂಟ್ ವರ್ಷಗಳಿಂದ ಇದೇ ರೈತನ ಹತ್ತಿರ ಬೇರೆ ಬೇರೆ ದರಕ್ಕೆ ಕೊಂಡು, ಮಾಲೀಕರು ಪ್ರತಿ ಸಲವೂ ಚಕಾರ ಎತ್ತದೆ ದುಡ್ಡು ಕೊಟ್ಟಿದ್ದರೆ, ಅವನಿಗೆ ದರ ಮಾತಾಡುವ ಅಧಿಕಾರ ಇದೆ ಅಂತ ರೈತ ನಂಬಿದ್ದು ಮಾಲೀಕರ ನಡವಳಿಕೆಯಿಂದಲೇ ಅಲ್ವಾ? ಒಳಗೊಳಗೆ ಹಾಕಿದ ಮಿತಿ ರೈತನಿಗೆ ಗೊತ್ತಿಲ್ಲದಿದ್ದರೆ ಮಾಲೀಕರು 2200ಕ್ಕೇ ಬದ್ಧರು. ಅವರು ಆಮೇಲೆ ಒಪ್ಪಿದರಾ ಇಲ್ಲವಾ ಅನ್ನೋದು ಬೇಕಾಗೋದೇ ಇಲ್ಲ. ಒಂದು ವಿಷಯ ನೆನಪಿರಲಿ: ನಂಬಿಕೆ ಹುಟ್ಟಿಸಬೇಕಾದವರು ಮಾಲೀಕರು. "ನನಗೆ ಅಧಿಕಾರ ಇದೆ" ಅಂತ ಏಜೆಂಟ್ ತಾನೇ ಹೇಳಿಕೊಂಡರೆ ಸಾಲದು.

ರೈತನಿಗೂ ಇವರಿಗೂ ಇದೇ ಮೊದಲ ವ್ಯವಹಾರವಾಗಿದ್ದು, ಮಾಲೀಕರು ಅಂಥ ನಂಬಿಕೆ ಬರುವಂತೆ ಏನೂ ಮಾಡಿಲ್ಲದಿದ್ದರೆ ಆಗ ಬರೋದು ಸ್ಥಿರೀಕರಣ, ಸೆಕ್ಷನ್ 196. ಮಾಲೀಕರು ಒಪ್ಪಿದರೆ ಮೊದಲೇ ಅಧಿಕಾರ ಕೊಟ್ಟಿದ್ದಂತೆ ಆಗುತ್ತದೆ. ಬಾಯಲ್ಲಿ ಹೇಳಲೇಬೇಕಂತಿಲ್ಲ, ಮಾಲು ಇಳಿಸಿಕೊಂಡು ಗಿರಣಿಗೆ ಹಾಕಿದರೂ ಒಪ್ಪಿದ ಹಾಗೆ. ಆದರೆ ಏಜೆಂಟ್ "2000ಕ್ಕೆ ತಂದೆ" ಅಂತ ಸುಳ್ಳು ಹೇಳಿ ಬಳಸುವಂತೆ ಮಾಡಿದ್ದರೆ ಅದು ಸ್ಥಿರೀಕರಣ ಅಲ್ಲ, ಮುಖ್ಯ ಸಂಗತಿ ಗೊತ್ತಿರಬೇಕು ಅನ್ನುತ್ತದೆ 198. ಹಾಗೇ, "ಕೊಳ್ಳೋದೇನೋ ಒಪ್ಪಿದೆ, ಆದರೆ ದರ 2000 ಮಾತ್ರ" ಅನ್ನೋಕೂ ಬರಲ್ಲ. 199ರ ಪ್ರಕಾರ ಒಂದು ಭಾಗ ಒಪ್ಪಿದರೆ ಇಡೀ ವ್ಯವಹಾರ ಒಪ್ಪಿದಂತೆ.

ಎಲ್ಲಕ್ಕಿಂತ ಜಾಸ್ತಿ ಎಡವೋದು ಇಲ್ಲಿ: ಏಜೆಂಟ್ ಯಾರ ಹೆಸರಲ್ಲಿ ಕೊಂಡ? 1901ರ ಕೀಗ್ಲಿ ಮ್ಯಾಕ್ಸ್‌ಸ್ಟೆಡ್ ವಿರುದ್ಧ ಡ್ಯುರಾಂಟ್ ಪ್ರಕರಣ ನೋಡಿ, ನಮ್ಮ ಮೆಕ್ಕೆಜೋಳದ ಹಾಗೇ ಇದೆ. ರಾಬರ್ಟ್ಸ್ ಎಂಬ ವ್ಯಾಪಾರಿಗೆ ತನಗೂ ಕೀಗ್ಲಿ ಕಂಪನಿಗೂ ಸೇರಿಸಿ ಇಂತಿಷ್ಟು ದರದೊಳಗೆ ಗೋಧಿ ಕೊಳ್ಳುವ ಅಧಿಕಾರ ಇತ್ತು. ಅವನು ಹೆಚ್ಚಿನ ದರಕ್ಕೆ, ತನ್ನ ಹೆಸರಲ್ಲೇ ಕೊಂಡ. ಕೀಗ್ಲಿಯವರು ಆಮೇಲೆ ಒಪ್ಪಿದರು. ಕೊನೆಗೆ ಮಾಲು ಎತ್ತಲಿಲ್ಲ. ಇಂಗ್ಲೆಂಡಿನ ಹೌಸ್ ಆಫ್ ಲಾರ್ಡ್ಸ್ ಹೇಳಿದ್ದು: ಅವನ ಮನಸ್ಸಲ್ಲಿ ಏನಿದ್ದರೂ ಸರಿ, ಬೇರೆಯವರ ಪರವಾಗಿ ಕೊಳ್ಳುತ್ತಿದ್ದೇನೆ ಅಂತ ಮಾರುವವನಿಗೆ ತೋರಿಸಿಕೊಂಡಿಲ್ಲ, ಆದ್ದರಿಂದ ಸ್ಥಿರೀಕರಣ ಆಗಲ್ಲ, ಕೀಗ್ಲಿಯವರು ಹೊಣೆಯಲ್ಲ. ನಮ್ಮ 196ರಲ್ಲೂ "ಇನ್ನೊಬ್ಬರ ಪರವಾಗಿ" ಅನ್ನೋದು ಇದೆ. ಪರೀಕ್ಷೆಯ ಪ್ರಶ್ನೆಯಲ್ಲಿ ಆ ಮಾತು ಇದೆಯಾ ಅಂತ ಮೊದಲು ಹುಡುಕಿ.

ಮಾಲೀಕರು ಯಾವ ದಾರಿಯಲ್ಲೂ ಸಿಕ್ಕಲಿಲ್ಲ ಅಂದರೆ? ಅಧಿಕಾರ ಇದೆ ಅಂತ ಸುಳ್ಳು ಹೇಳಿ ವ್ಯವಹಾರ ಮಾಡಿದ ಏಜೆಂಟೇ 235ರ ಪ್ರಕಾರ ನಷ್ಟ ಕಟ್ಟಿಕೊಡಬೇಕು. ರೈತ ಅದೇ ಮಾಲನ್ನು 1800ಕ್ಕೆ ಮಾರಿದ್ದರೆ ಕ್ವಿಂಟಾಲಿಗೆ 400ರಂತೆ ನೂರಕ್ಕೆ 40,000 ರೂಪಾಯಿ. ಏಜೆಂಟ್ ತನ್ನ ಹೆಸರಲ್ಲೇ ಕೊಂಡಿದ್ದರೆ 235 ಬೇಕಿಲ್ಲ, ಕರಾರಿನ ಮೇಲೇ ಅವನು ಹೊಣೆ.

ವಂಚನೆ ಇದ್ದರೆ ಸೆಕ್ಷನ್ 238 ನೋಡಿ. ಮಾಲೀಕರ ಕೆಲಸದ ವ್ಯಾಪ್ತಿಯೊಳಗೆ ಏಜೆಂಟ್ ಮೋಸ ಮಾಡಿದರೆ ಮಾಲೀಕರಿಗೂ ತಟ್ಟುತ್ತದೆ, ಹೊರಗೆ ಮಾಡಿದರೆ ಇಲ್ಲ. 1978ರ ಸ್ಟೇಟ್ ಬ್ಯಾಂಕ್ ವಿರುದ್ಧ ಶ್ಯಾಮಾದೇವಿ ಪ್ರಕರಣದಲ್ಲಿ ಗ್ರಾಹಕರು ಪರಿಚಯದ ಬ್ಯಾಂಕ್ ನೌಕರನ ಕೈಗೆ ರಸೀದಿ ಇಲ್ಲದೆ ದುಡ್ಡು ಕೊಟ್ಟಿದ್ದರು. ಅವನು ಪಾಸ್‌ಬುಕ್‌ನಲ್ಲಿ ಸುಳ್ಳು ನಮೂದು ಮಾಡಿ ನುಂಗಿದ. ಅವನು ದುಡ್ಡು ತಗೊಂಡದ್ದು ನೌಕರನಾಗಿ ಅಲ್ಲ, ಪರಿಚಯಸ್ಥನಾಗಿ. ಹಾಗಾಗಿ ಬ್ಯಾಂಕ್ ಹೊಣೆಯಲ್ಲ ಅಂತ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಅದೇ ದುಡ್ಡನ್ನು ಕೌಂಟರ್‌ನಲ್ಲಿ ಕ್ಯಾಷಿಯರ್ ತಗೊಂಡು ರಸೀದಿ ಕೊಟ್ಟು ನುಂಗಿದ್ದರೆ ಉತ್ತರ ಬೇರೆಯೇ ಆಗುತ್ತಿತ್ತು.