‘ಚಿತ್ರಕೃಪೆ: ಅಂತರ್ಜಾಲ’ ಎಂಬ ಸಾಲಿನ ಹಿಂದೆ

ಕನ್ನಡದ ಜಾಲತಾಣಗಳಲ್ಲಿ ಚಿತ್ರದ ಕೆಳಗೆ ‘ಚಿತ್ರಕೃಪೆ: ಅಂತರ್ಜಾಲ’ ಎಂಬ ಸಾಲು ಆಗಾಗ ಕಾಣಿಸುತ್ತದೆ. ಬರೆದವರ ಉದ್ದೇಶ ಒಳ್ಳೆಯದೇ ಇರಬಹುದು, ಆದರೆ ಕಾನೂನಿನ ದೃಷ್ಟಿಯಲ್ಲಿ ಆ ಸಾಲು ಏನನ್ನೂ ಹೇಳುವುದಿಲ್ಲ. ಚಿತ್ರ ತಮ್ಮದಲ್ಲವೆಂದು ಒಪ್ಪಿಕೊಂಡು, ಅದು ಯಾರದೆಂದು ತಿಳಿಯುವ ದಾರಿಯನ್ನೂ ಅದು ಮುಚ್ಚಿಬಿಡುತ್ತದೆ. ಉಚಿತ ಪರವಾನಗಿಗಳು ಕೇಳುವ ಹೆಸರಿನ ಉಲ್ಲೇಖಕ್ಕೂ ಈ ‘ಕೃಪೆ’ಗೂ ಇರುವ ಅಂತರವನ್ನು ಅರಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಹಕ್ಕುಸ್ವಾಮ್ಯದ ಗುರುತಿಲ್ಲದ ಚಿತ್ರವನ್ನು ಯಾರೂ ಬಳಸಬಹುದೆಂಬ ನಂಬಿಕೆಗೆ ಒಂದು ಕಾಲದಲ್ಲಿ ಆಧಾರವಿತ್ತು. ಅಮೆರಿಕದಲ್ಲಿ © ಗುರುತಿಲ್ಲದೆ ಪ್ರಕಟವಾದ ಕೃತಿ ಹಕ್ಕು ಕಳೆದುಕೊಳ್ಳುವ ಸಾಧ್ಯತೆಯಿತ್ತು. ಹಕ್ಕುಸ್ವಾಮ್ಯ ಕುರಿತ 1886ರ ಅಂತಾರಾಷ್ಟ್ರೀಯ ಬರ್ನ್ ಒಪ್ಪಂದಕ್ಕೆ ಆ ದೇಶ ತಡವಾಗಿ ಸೇರಿ, 1989ರ ಮಾರ್ಚ್ 1ರಿಂದ ಗುರುತಿನ ಕಡ್ಡಾಯವನ್ನು ಕೈಬಿಟ್ಟಿತು. ವೆಬ್ ಹುಟ್ಟಿದ್ದು ಇದೇ ಹೊತ್ತಿನಲ್ಲಿ. ಹೀಗಾಗಿ ನಕಲು ಮಾಡುವುದು ಹಿಂದೆಂದಿಗಿಂತ ಸುಲಭವಾದ ಕಾಲದಲ್ಲೇ, ಕ್ಯಾಮೆರಾದ ಗುಂಡಿ ಒತ್ತಿದ ಕ್ಷಣದಿಂದ ಪ್ರತಿಯೊಂದು ಚಿತ್ರಕ್ಕೂ ತಾನಾಗಿಯೇ ಹಕ್ಕುಸ್ವಾಮ್ಯ ಅಂಟಿಕೊಳ್ಳುವ ವ್ಯವಸ್ಥೆಯೂ ಗಟ್ಟಿಯಾಯಿತು.

ಹಂಚಿಕೊಳ್ಳಲು ಸಿದ್ಧರಿದ್ದ ಛಾಯಾಗ್ರಾಹಕರಿಗೆ ಅದನ್ನು ಮೊದಲೇ ಹೇಳಿಡುವ ಸಿದ್ಧ ಭಾಷೆಯೊಂದು ಬೇಕಿತ್ತು. ಕ್ರಿಯೇಟಿವ್ ಕಾಮನ್ಸ್ ಸಂಸ್ಥೆ 2002ರ ಡಿಸೆಂಬರ್‌ನಲ್ಲಿ ಹೊರತಂದ ಪರವಾನಗಿಗಳು ಆ ಕೆಲಸ ಮಾಡಿದವು. ಮೊದಲ ಆವೃತ್ತಿಯಲ್ಲಿ ಹೆಸರು ಹಾಕಬೇಕೆಂಬ ಷರತ್ತು ಐಚ್ಛಿಕವಾಗಿತ್ತು. ಆದರೆ ಬಹುತೇಕ ಎಲ್ಲರೂ ಅದನ್ನೇ ಆರಿಸಿಕೊಂಡರು. ಹಣ ಬೇಡ, ಹೆಸರು ಬೇಕು ಎನ್ನುವವರೇ ಹೆಚ್ಚೆಂದು ಸಂಸ್ಥೆಗೆ ಮನವರಿಕೆಯಾಗಿ, 2004ರ 2.0 ಆವೃತ್ತಿಯಿಂದ ಆ ಷರತ್ತು ಎಲ್ಲ ಮುಖ್ಯ ಪರವಾನಗಿಗಳಿಗೂ ಸೇರಿತು. ಪರವಾನಗಿಯ ಹೆಸರಿನಲ್ಲಿ ಕಾಣುವ BY ಎಂಬುದು ಅದೇ. ಅದರೊಂದಿಗೆ ಬರುವ SA ಅಕ್ಷರಗಳು ಮಾರ್ಪಡಿಸಿದ ಕೃತಿಯನ್ನು ಅದೇ ಪರವಾನಗಿಯಲ್ಲಿ ಹಂಚಬೇಕೆಂದೂ, NC ವಾಣಿಜ್ಯ ಬಳಕೆ ಸಲ್ಲದೆಂದೂ, ND ಮಾರ್ಪಡಿಸಿ ಹಂಚುವಂತಿಲ್ಲವೆಂದೂ ಸೂಚಿಸುತ್ತವೆ.

ಹೆಸರು ಬಿಟ್ಟುಹೋದರೆ ಅದು ಶಿಷ್ಟಾಚಾರದ ಕೊರತೆ ಮಾತ್ರವೇ, ಹಕ್ಕಿನ ಉಲ್ಲಂಘನೆಯೇ ಎಂಬ ಪ್ರಶ್ನೆಗೆ ಸಿಕ್ಕ ಮಹತ್ವದ ಉತ್ತರ ಒಂದು ತಂತ್ರಾಂಶದ ಮೊಕದ್ದಮೆಯಿಂದ ಬಂತು. ಆಟಿಕೆ ರೈಲುಗಳನ್ನು ನಿಯಂತ್ರಿಸುವ ಮುಕ್ತ ತಂತ್ರಾಂಶವೊಂದರ ಭಾಗಗಳನ್ನು ಮೂಲ ಲೇಖಕರ ಹೆಸರು ತೆಗೆದು ಬಳಸಿದ ಪ್ರಕರಣದಲ್ಲಿ, 2008ರಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯವೊಂದು ಇಂತಹ ಷರತ್ತುಗಳು ಅನುಮತಿಯ ಭಾಗವೆಂದೂ, ಅವನ್ನು ಮೀರಿದರೆ ಹಕ್ಕುಸ್ವಾಮ್ಯ ಕಾನೂನಿನಡಿಯೇ ಪ್ರಶ್ನಿಸಬಹುದೆಂದೂ ಹೇಳಿತು. ಹೆಸರು ಇಲ್ಲವಾದರೆ ಅನುಮತಿಯೂ ಇಲ್ಲವೆಂದು ಇದರ ಅರ್ಥ.

ಇಲ್ಲಿ ಆವೃತ್ತಿಯ ಸಂಖ್ಯೆ ಮುಖ್ಯವಾಗುತ್ತದೆ, ಆದರೆ ಅದನ್ನು ಗಮನಿಸುವವರು ಕಡಿಮೆ. 3.0 ಮತ್ತು ಅದಕ್ಕೂ ಹಿಂದಿನ ಆವೃತ್ತಿಗಳಲ್ಲಿ ಷರತ್ತು ತಪ್ಪಿದೊಡನೆ ಪರವಾನಗಿ ತಾನಾಗಿ ರದ್ದಾಗುತ್ತದೆ, ಆಮೇಲೆ ಹೆಸರು ಸೇರಿಸಿದರೂ ತಾನಾಗಿ ಮರಳುವುದಿಲ್ಲ. ಈ ಬಿಗಿಯನ್ನೇ ಆದಾಯದ ದಾರಿ ಮಾಡಿಕೊಂಡು, ಉಲ್ಲೇಖದಲ್ಲಿನ ಸಣ್ಣ ಲೋಪಕ್ಕೂ ದೊಡ್ಡ ಮೊತ್ತ ಕೇಳಿ ನೋಟಿಸು ಕಳಿಸುವವರು ಹುಟ್ಟಿಕೊಂಡರು. 2013ರ ನವೆಂಬರ್‌ನಲ್ಲಿ ಬಂದ 4.0 ಆವೃತ್ತಿಯಲ್ಲಿ ಲೋಪ ಗಮನಕ್ಕೆ ಬಂದ 30 ದಿನಗಳೊಳಗೆ ಸರಿಪಡಿಸಿದರೆ ಅನುಮತಿ ಮರಳುತ್ತದೆ. ಆದರೆ ಫ್ಲಿಕರ್‌ನಂತಹ ತಾಣಗಳಲ್ಲಿ ಇಂದಿಗೂ ಅಸಂಖ್ಯ ಚಿತ್ರಗಳು 2.0ರಲ್ಲೇ ಇವೆ. ಅವಕ್ಕೆ ಈ ರಿಯಾಯಿತಿ ಅನ್ವಯಿಸುವುದಿಲ್ಲ.

ಉದಾಹರಣೆಗೆ, `CC BY-SA 2.0` ಪರವಾನಗಿಯ ‘ಹಳೆಯ ಸೇತುವೆ’ ಎಂಬ ಚಿತ್ರವೊಂದನ್ನು ಬಲಬದಿ ಕತ್ತರಿಸಿ ಬಳಸುತ್ತೇವೆ ಎಂದುಕೊಳ್ಳೋಣ. ಹಳೆಯ ಆವೃತ್ತಿಯಾದ್ದರಿಂದ ಶೀರ್ಷಿಕೆ ಕೊಟ್ಟಿದ್ದರೆ ಅದನ್ನೂ ಹಾಕಬೇಕು (4.0ರಲ್ಲಿ ಅದು ಕಡ್ಡಾಯವಲ್ಲ). ಆಗ ಚಿತ್ರದ ಅಡಿಯ ಸಾಲು ಹೀಗಿರುತ್ತದೆ:

```html
<figcaption>
“<a href="ಮೂಲ-ಪುಟದ-ವಿಳಾಸ">ಹಳೆಯ ಸೇತುವೆ</a>”,
ಚಿತ್ರ: ಛಾಯಾಗ್ರಾಹಕರ ಹೆಸರು,
<a href="https://creativecommons.org/licenses/by-sa/2.0/">CC BY-SA 2.0</a>.
ಬಲಬದಿ ಕತ್ತರಿಸಲಾಗಿದೆ.
</figcaption>
```

ಹೆಸರನ್ನು ಛಾಯಾಗ್ರಾಹಕರು ಬರೆದುಕೊಂಡಂತೆಯೇ ಬರೆಯಬೇಕು, ಅದು ವಿಚಿತ್ರವಾದ ಬಳಕೆದಾರ ಹೆಸರಾಗಿದ್ದರೂ ಸರಿ. ಈ ಸಾಲು ಚಿತ್ರಕ್ಕೆ ಅಂಟಿಕೊಂಡೇ ಇರಬೇಕೆಂದಿಲ್ಲ. ಇದೇ `CC BY-SA 2.0` ಚಿತ್ರವೊಂದನ್ನು ನಕ್ಷೆ ಪುಸ್ತಕದ ಮುಖಪುಟದಲ್ಲಿ ಬಳಸಿ, ಹೆಸರನ್ನು ಹಿಂಬದಿಯ ರಕ್ಷಾಪುಟದಲ್ಲಿ ಹಾಕಿದ ಪ್ರಕಾಶಕರ ವಿರುದ್ಧದ ಮೊಕದ್ದಮೆಯಲ್ಲಿ, 2015ರಲ್ಲಿ ವಾಷಿಂಗ್ಟನ್‌ನ ಫೆಡರಲ್ ನ್ಯಾಯಾಲಯ ಅಷ್ಟು ಸಾಕೆಂದಿತು. ಆದರೂ ಎಲ್ಲೋ ಒಂದು ಪುಟದಲ್ಲಿ ನೂರು ಹೆಸರುಗಳನ್ನು ಒಟ್ಟಿಗೆ ಸುರಿದು, ಯಾವ ಚಿತ್ರ ಯಾರದೆಂದು ತಿಳಿಯದಂತೆ ಮಾಡುವುದನ್ನು ಈ ತೀರ್ಪಿನಿಂದ ಸಮರ್ಥಿಸಲಾಗದು.

ಫಾಂಟುಗಳ ಕತೆ ಬೇರೆಯೇ ದಾರಿಯಲ್ಲಿ ಸಾಗಿತು. ಅಮೆರಿಕದ ಕಾನೂನು ಅಕ್ಷರದ ಆಕಾರಕ್ಕೆ ಹಕ್ಕುಸ್ವಾಮ್ಯ ಕೊಡುವುದಿಲ್ಲ, ಆದರೆ ಫಾಂಟಿನ ಕಡತವನ್ನು ತಂತ್ರಾಂಶವೆಂದು ಕಾಪಾಡುತ್ತದೆ. ಪುಟದೊಂದಿಗೆ ಫಾಂಟನ್ನೂ ಕಳಿಸುವ `@font-face` ಸೌಲಭ್ಯ 1998ರ ಸಿಎಸ್‌ಎಸ್ 2ರಲ್ಲಿಯೇ ಇತ್ತು. ಆದರೂ ಅದು ವ್ಯಾಪಕ ಬಳಕೆಗೆ ಬರಲು ಸುಮಾರು ಹತ್ತು ವರ್ಷ ಹಿಡಿಯಿತು. ಸರ್ವರ್‌ನಲ್ಲಿಟ್ಟ ಫಾಂಟನ್ನು ಯಾರೂ ಇಳಿಸಿಕೊಳ್ಳಬಹುದಾದ್ದರಿಂದ ಫಾಂಟ್ ತಯಾರಕರು ಒಪ್ಪದಿದ್ದುದು ಇದಕ್ಕೊಂದು ದೊಡ್ಡ ಕಾರಣ. ಕಂಪ್ಯೂಟರಿನಲ್ಲಿ ಬಳಸಲು ಕೊಂಡ ಫಾಂಟಿನ ಪರವಾನಗಿ ಈಗಲೂ ಸಾಮಾನ್ಯವಾಗಿ ಜಾಲತಾಣಕ್ಕೆ ಅನ್ವಯಿಸುವುದಿಲ್ಲ, ಅದಕ್ಕೆ ಪ್ರತ್ಯೇಕ ಪರವಾನಗಿ ಬೇಕು.

ಮುಕ್ತ ಫಾಂಟುಗಳಲ್ಲಿ ಹೆಚ್ಚಿನವು ಎಸ್‌ಐಎಲ್ ಸಂಸ್ಥೆ ರೂಪಿಸಿದ ಓಪನ್ ಫಾಂಟ್ ಲೈಸೆನ್ಸ್‌ನಡಿ ಬರುತ್ತವೆ. ಅದರ ಈಗಿನ 1.1 ಆವೃತ್ತಿ 2007ರದು. ಫಾಂಟನ್ನಷ್ಟೇ ಬಿಡಿಯಾಗಿ ಮಾರುವುದನ್ನು ಅದು ತಡೆಯುತ್ತದೆ, ಆದರೆ ಫಾಂಟ್ ಬಳಸಿದ ಪುಟದಲ್ಲಿ ಹೆಸರು ಹಾಕಬೇಕೆಂದು ಕೇಳುವುದಿಲ್ಲ. ಹಕ್ಕುಸ್ವಾಮ್ಯದ ಸಾಲು ಮತ್ತು ಪರವಾನಗಿ ಮಾತ್ರ ಫಾಂಟಿನ ಪ್ರತಿಯೊಂದು ಪ್ರತಿಯ ಜೊತೆಗಿರಬೇಕು, ಪ್ರತ್ಯೇಕ ಕಡತವಾಗಿಯೋ ಫಾಂಟಿನೊಳಗಿನ ಮಾಹಿತಿಯಾಗಿಯೋ.

ತಪ್ಪು ನಡೆಯುವುದು ಕಡತವನ್ನು ಹಗುರ ಮಾಡುವಾಗ. ಬೇಡದ ಅಕ್ಷರಗಳನ್ನು ತೆಗೆದುಹಾಕುವ `pyftsubset` ಎಂಬ ಉಪಕರಣವು, ಬೇರೆ ಸೂಚನೆ ಕೊಡದಿದ್ದರೆ, ಫಾಂಟಿನೊಳಗಿನ ಹೆಸರುಗಳ ಕೋಷ್ಟಕದಲ್ಲಿ 13 ಮತ್ತು 14ನೇ ಸಂಖ್ಯೆಯಡಿ ಇರುವ ಪರವಾನಗಿಯ ವಿವರ ಹಾಗೂ ವಿಳಾಸವನ್ನೂ ಕತ್ತರಿಸಿಬಿಡುತ್ತದೆ. ಅದನ್ನು ಉಳಿಸಿಕೊಳ್ಳಲು ಹೀಗೆ ಹೇಳಬೇಕು:

```
pyftsubset Font.ttf --unicodes="U+0C80-0CFF,U+200C-200D" \
  --layout-features="*" --name-IDs="*" --flavor=woff2
```

ಇಷ್ಟಾದ ಮೇಲೂ ಒಂದು ತೊಡಕು ಉಳಿಯುತ್ತದೆ. ಫಾಂಟಿನೊಂದಿಗೆ ಬರುವ `OFL.txt` ಕಡತದ ಆರಂಭದಲ್ಲಿ `Reserved Font Name` ಎಂಬ ಮಾತಿದ್ದರೆ, ಮಾರ್ಪಡಿಸಿದ ಫಾಂಟಿಗೆ ಆ ಹೆಸರನ್ನು ಇಡುವಂತಿಲ್ಲ. ಅಕ್ಷರಗಳನ್ನು ಕತ್ತರಿಸುವುದೂ ಮಾರ್ಪಾಡೇ. ಆಗ ಒಳಗಿನ ಹೆಸರನ್ನು ಬದಲಿಸಬೇಕು, ತಯಾರಕರ ಲಿಖಿತ ಅನುಮತಿ ಪಡೆಯಬೇಕು ಅಥವಾ ಇಡೀ ಫಾಂಟನ್ನು ಕತ್ತರಿಸದೆ ಬಳಸಬೇಕು. ನಮ್ಮ ಸರ್ವರ್‌ನಲ್ಲಿ ಈಗಾಗಲೇ ಇರುವ ಕಡತದ ಸ್ಥಿತಿ ಏನೆಂದು ನೋಡಲು `ttx -t name Font.woff2` ಎಂಬ ಆದೇಶ ಸಾಕು. ಅದು ಬರೆದುಕೊಡುವ ಕಡತದಲ್ಲಿ `nameID="13"` ಎಂಬ ಸಾಲು ಕಾಣದಿದ್ದರೆ, `OFL.txt` ಕಡತವನ್ನು ಫಾಂಟ್ ಇರುವ ಫೋಲ್ಡರಿನಲ್ಲಿಯೇ ಇಡಬೇಕು.