ಹದಿನಾರರ ಬೀಗದಿಂದ ಮಕ್ಕಳು ಉಳಿಯುತ್ತಾರಾ?

ಹದಿಹರೆಯದವರಿಗೆ ಸೋಷಿಯಲ್ ಮೀಡಿಯಾ ನಿಷೇಧಿಸಬೇಕೇ? ಕಾಲೇಜಿನ ಚರ್ಚಾ ಸ್ಪರ್ಧೆಯಲ್ಲಿ ನಾನು ಬೇಡ ಅನ್ನುವ ಕಡೆ ಇದ್ದೆ. ಎದುರು ತಂಡದ ಮೂರು ಮಾತಿಗೆ ಅದೇ ಸಾಲಿನಲ್ಲಿ ಉತ್ತರ ಕೊಟ್ಟೆ. ಅಲ್ಲಿ ಅವಸರದಲ್ಲಿ ಹೇಳಿದ್ದನ್ನು ಇಲ್ಲಿ ಬಿಡಿಸಿ ಬರೆಯುತ್ತೇನೆ.

ಮೊದಲ ಮಾತು: "ಹೇಗೂ 13ರ ಮಿತಿ ಇದೆ, ಅದನ್ನು 16 ಮಾಡಿದರೆ ಏನು ಕಷ್ಟ?" ಆದರೆ ಈ 13 ಮಕ್ಕಳ ಮನಸ್ಸನ್ನು ಅಳೆದು ಇಟ್ಟದ್ದಲ್ಲ. 1998ರ ಅಮೆರಿಕದ ಕಾಯ್ದೆಯೊಂದರ ಪ್ರಕಾರ, 13 ತುಂಬದ ಮಕ್ಕಳ ಸ್ವಂತ ವಿವರ ಪಡೆಯಲು ಅಪ್ಪ ಅಮ್ಮನ ಒಪ್ಪಿಗೆ ಬೇಕು. ಆ ಒಪ್ಪಿಗೆಯ ತಾಪತ್ರಯವೇ ಬೇಡ ಅಂತ ಕಂಪನಿಗಳು "13 ಆಗಿರಬೇಕು" ಎಂದು ಬರೆದು ಸುಮ್ಮನಾದವು. ಮಕ್ಕಳು ಹುಟ್ಟಿದ ವರ್ಷ ತಿದ್ದಿ ಒಳಗೆ ಬಂದರು.

ಎರಡನೆಯದು ಮನಸ್ಸಿಗೆ ಆಗುವ ಹಾನಿ. ಅವರು 2021ರಲ್ಲಿ ಸೋರಿಕೆಯಾದ ಫೇಸ್‌ಬುಕ್ ದಾಖಲೆಗಳನ್ನು ತೋರಿಸಿದರು. ತಮ್ಮ ಮೈಕಟ್ಟಿನ ಬಗ್ಗೆ ಬೇಸರವಾದಾಗ ಇನ್‌ಸ್ಟಾಗ್ರಾಮ್ ಅದನ್ನು ಇನ್ನೂ ಜಾಸ್ತಿ ಮಾಡಿತು ಎಂದು ಹದಿಹರೆಯದ ಹುಡುಗಿಯರಲ್ಲಿ 32% ಮಂದಿ ಹೇಳಿದ್ದರು. ಇದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಕಂಪನಿಯ ಸ್ವಂತ ಸಂಶೋಧಕರೇ ಕಂಡ ತೊಂದರೆ ಇದು, ಹಾಗಿದ್ದ ಮೇಲೆ ಏನು ತೋರಿಸಬೇಕು, ಎಷ್ಟು ಹೊತ್ತಿಗೆ ನೋಟಿಫಿಕೇಶನ್ ಕಳಿಸಬೇಕು ಎಂದು ತೀರ್ಮಾನಿಸುವವರನ್ನು ಬಿಟ್ಟು ಹುಡುಗಿಯನ್ನು ಹೊರಗೆ ಹಾಕುವುದು ಸರಿಯಾ? 16 ತುಂಬಿದ ದಿನ ಅವಳ ಕೈಗೆ ಸಿಗುವುದು ಅದೇ ಆ್ಯಪ್ ಅಲ್ವಾ?

ಮೂರನೆಯ ಮಾತು: "ಆಸ್ಟ್ರೇಲಿಯಾ ಮಾಡಿ ತೋರಿಸಿದೆ." ಅಲ್ಲಿ 2025ರ ಡಿಸೆಂಬರ್ 10ರಿಂದ 16ರ ಒಳಗಿನವರಿಗೆ ಖಾತೆ ಇಲ್ಲ. ತಪ್ಪಿದ ಕಂಪನಿಗೆ 4.95 ಕೋಟಿ ಆಸ್ಟ್ರೇಲಿಯನ್ ಡಾಲರ್‌ವರೆಗೆ ದಂಡ. ಮಕ್ಕಳಿಗೂ ಪೋಷಕರಿಗೂ ಶಿಕ್ಷೆ ಇಲ್ಲ, ಅದು ಒಳ್ಳೆಯದೇ. ಆದರೆ ಯೂಟ್ಯೂಬ್ ವಿಡಿಯೊ ನೋಡಲು ಖಾತೆಯೇ ಬೇಕಿಲ್ಲ. ಖಾತೆ ಹೋದರೆ ಅದಕ್ಕೆ ಪೋಷಕರು ಹಾಕಿಟ್ಟ ನಿಯಂತ್ರಣಗಳೂ ಹೋಗುತ್ತವೆ, ವಿಡಿಯೊ ಮಾತ್ರ ಉಳಿಯುತ್ತದೆ.

ಇದಕ್ಕೂ ಹಿಂದಿನ ಒಂದು ಪಾಠ ದಕ್ಷಿಣ ಕೊರಿಯಾದ್ದು. 2011ರಿಂದ ಅಲ್ಲಿ 16ರ ಒಳಗಿನವರು ಮಧ್ಯರಾತ್ರಿಯಿಂದ ಬೆಳಿಗ್ಗೆ 6ರವರೆಗೆ ಕಂಪ್ಯೂಟರಿನಲ್ಲಿ ಆನ್‌ಲೈನ್ ಗೇಮ್ ಆಡುವಂತಿರಲಿಲ್ಲ. ಮಕ್ಕಳು ಅಪ್ಪ ಅಮ್ಮನ ಗುರುತಿನ ಸಂಖ್ಯೆ ಹಾಕಿ ಆಡಿದರು. ಆಟ ಮೊಬೈಲಿಗೆ ಬಂತು, ಕಾನೂನು ಕಂಪ್ಯೂಟರಿನಲ್ಲೇ ಉಳಿಯಿತು. ಈ ನಿಯಮಕ್ಕಾಗಿ ಬೇರೆ ವ್ಯವಸ್ಥೆ ಮಾಡುವ ಬದಲು ಕಂಪನಿ ವಯಸ್ಕರಿಗೆ ಮಾತ್ರ ಖಾತೆ ಕೊಟ್ಟಿದ್ದರಿಂದ, 2021ರಲ್ಲಿ ಮಕ್ಕಳ ಅಚ್ಚುಮೆಚ್ಚಿನ ಮೈನ್‌ಕ್ರಾಫ್ಟ್ ಆಟಕ್ಕೇ 19 ಆಗಿರಬೇಕು ಎಂಬ ಸ್ಥಿತಿ ಬಂದಾಗ ಜನ ಎದ್ದು ನಿಂತರು. ಮರುವರ್ಷದ ಜನವರಿಯಲ್ಲಿ ಕಾನೂನು ರದ್ದಾಯಿತು.

ಅಲ್ಲಿ ಅಪ್ಪನ ಸಂಖ್ಯೆಯನ್ನಾದರೂ ಟೈಪ್ ಮಾಡಬೇಕಿತ್ತು. ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಮಗು ಹಿಡಿದಿರುವುದು ಅಮ್ಮನ ಫೋನನ್ನೇ, ತೆರೆದಿರುವುದು ಅಮ್ಮನ ಖಾತೆಯನ್ನೇ. ವಯಸ್ಸು ಕೇಳಿದರೆ ಆ ಫೋನು ಹೇಳುವುದು ಅಮ್ಮನದು.