ಹೊಟ್ಟೆಯ ಕೊಬ್ಬು, ತೊಡೆಯ ಕೊಬ್ಬು: ಒಂದು ಅನುಪಾತದ ಕಥೆ

ಬಳ್ಳಾರಿ, ರಾಯಚೂರು ಕಡೆಯವರು ಮೂಳೆ ಸವೆತ ನೋಡಿಸೋಕೆ ಬೆಂಗಳೂರಿಗೋ ಹೈದರಾಬಾದಿಗೋ ಹೋಗಿ ಡೆಕ್ಸಾ ಸ್ಕ್ಯಾನ್ ಮಾಡಿಸಿಕೊಂಡು ಬರುತ್ತಾರೆ. ಇಡೀ ಮೈಯ ಸ್ಕ್ಯಾನ್ ಆಗಿದ್ದರೆ ರಿಪೋರ್ಟಿನಲ್ಲಿ A/G Ratio ಅಂತ ಒಂದು ಅಂಕಿ ಇರುತ್ತದೆ. ಹೊಟ್ಟೆಯ ಕೊಬ್ಬನ್ನು ಕುಂಡೆ–ತೊಡೆಯ ಕೊಬ್ಬಿಗೆ ಹೋಲಿಸುವ ಅಂಕಿ ಅದು. ಅದನ್ನು ಬಿಡಿಸಿ ಹೇಳುವವರು ಕಡಿಮೆ. ಆದರೆ ಅದರ ಹಿಂದೆ ಮುಕ್ಕಾಲು ಶತಮಾನದ ವಿಚಾರವಿದೆ.

ಶುರು ಆಗಿದ್ದು ಫ್ರಾನ್ಸಿನ ಮಾರ್ಸೇ ಊರಿನಲ್ಲಿ. ದಪ್ಪ ಇದ್ದವರಿಗೆಲ್ಲ ಸಕ್ಕರೆ ಕಾಯಿಲೆ ಯಾಕೆ ಬರುವುದಿಲ್ಲ ಅನ್ನೋದು ಜಾನ್ ವಾಗ್ ಎಂಬ ವೈದ್ಯರನ್ನು ಕಾಡಿತು. 1947ರಲ್ಲಿ ಅವರು ಕೊಬ್ಬು ಕೂರುವ ಜಾಗ ನೋಡಿ ಬೊಜ್ಜನ್ನು ಎರಡು ಬಗೆಯಾಗಿ ವಿಂಗಡಿಸಿದರು. ಮೈಯ ಮೇಲ್ಭಾಗದಲ್ಲಿ ಕೂರುವುದು ಆಂಡ್ರಾಯ್ಡ್, ಕುಂಡೆ–ತೊಡೆಯಲ್ಲಿ ಕೂರುವುದು ಗೈನಾಯ್ಡ್. ಸಕ್ಕರೆ ಕಾಯಿಲೆ, ರಕ್ತನಾಳಗಳ ತೊಂದರೆ ಮೊದಲನೆಯ ಬಗೆಯವರಲ್ಲೇ ಜಾಸ್ತಿ ಅಂದರು. ಅವರ ಅಳತೆಯೂ ಸರಳ: ತೋಳಿನ ಮತ್ತು ತೊಡೆಯ ಚರ್ಮ ಚಿವುಟಿ ಹಿಡಿದು ದಪ್ಪ ನೋಡುವುದು.

ಆಗ ಇದಕ್ಕೆ ಹೆಚ್ಚು ಬೆಲೆ ಸಿಗಲಿಲ್ಲ. 1984ರಲ್ಲಿ ಸ್ವೀಡನ್ನಿನ ಗೋಥೆನ್‌ಬರ್ಗ್ ಊರಿನ ಸಂಶೋಧಕರು ವರ್ಷಗಟ್ಟಲೆ ಹಿಂಬಾಲಿಸಿ ನೋಡಿದ ಜನರ ಲೆಕ್ಕ ಕೊಟ್ಟರು. ಒಟ್ಟು ತೂಕಕ್ಕಿಂತ ನಡು ಮತ್ತು ಕುಂಡೆಯ ಸುತ್ತಳತೆಯ ಅನುಪಾತವೇ ಹೃದಯಾಘಾತದ ಸುಳಿವನ್ನು ಚೆನ್ನಾಗಿ ಕೊಟ್ಟಿತು. ಆಮೇಲೆ ಡೆಕ್ಸಾ ಬಂತು. ಮೂಳೆಗೆಂದು ತಯಾರಾದ ಯಂತ್ರ ಕೊಬ್ಬನ್ನೂ ಬೇರೆ ಮಾಡಿ ತೋರಿಸಬಲ್ಲದು ಅಂತ ಗೊತ್ತಾದಾಗ, ವಾಗ್ ಅವರ ವಿಂಗಡಣೆ ಸ್ಕ್ರೀನಿನ ಮೇಲೆ ಎರಡು ಪೆಟ್ಟಿಗೆಗಳಾಯಿತು: ಆಂಡ್ರಾಯ್ಡಿನದು A, ಗೈನಾಯ್ಡಿನದು G.

ಬಹಳ ಕಡೆ ಬಳಸುವ ಯಂತ್ರಗಳಲ್ಲಿ ಮೊದಲನೆಯ ಪೆಟ್ಟಿಗೆ ಸೊಂಟದ ಮೂಳೆಯ ಮೇಲಂಚಿನಿಂದ ಶುರುವಾಗುತ್ತದೆ. ಅಲ್ಲಿಂದ ಕತ್ತಿನವರೆಗಿನ ದೂರದ ಐದನೇ ಒಂದು ಪಾಲಿನಷ್ಟು ಅದರ ಎತ್ತರ. ಎರಡನೆಯದು ಕೆಳಗೆ, ಕುಂಡೆ ಮತ್ತು ತೊಡೆಯ ಮೇಲ್ಭಾಗದಲ್ಲಿ. ಅದರ ಎತ್ತರ ಮೊದಲನೆಯದರ ಎರಡರಷ್ಟು. ಆ ಮೇಲಂಚಿನ ಗೆರೆ ಸ್ವಲ್ಪ ಜಾರಿದರೆ ಎರಡೂ ಪೆಟ್ಟಿಗೆ ಜಾರುತ್ತವೆ. ಅದಕ್ಕೇ ಹಳೆಯ ಸ್ಕ್ಯಾನಿಗೆ ಹೋಲಿಸುವಾಗ ಎರಡರ ಚಿತ್ರವನ್ನೂ ಪಕ್ಕದಲ್ಲಿಟ್ಟು ಗೆರೆ ನೋಡಬೇಕು.

ಲೆಕ್ಕ ಮಾಡಿ ನೋಡೋಣ. ಬಳ್ಳಾರಿಯ ಜೀನ್ಸ್ ಘಟಕದಲ್ಲಿ ದಿನವಿಡೀ ಹೊಲಿಗೆ ಯಂತ್ರದ ಮುಂದೆ ಕೂರುವ ಇಬ್ಬರು ಹೆಂಗಸರು ಅಂತಿಟ್ಟುಕೊಳ್ಳಿ. ಇಬ್ಬರದ್ದೂ ಒಂದೇ ತೂಕ, ಒಂದೇ ಎತ್ತರ. ಮೊದಲನೆಯವರ ಹೊಟ್ಟೆಯ ಪೆಟ್ಟಿಗೆಯ 4 ಕೆ.ಜಿ.ಯಲ್ಲಿ 1.6 ಕೆ.ಜಿ. ಕೊಬ್ಬು, ಅಂದರೆ 40%. ತೊಡೆಯ ಪೆಟ್ಟಿಗೆಯಲ್ಲಿ 36%. 40ನ್ನು 36ರಿಂದ ಭಾಗಿಸಿದರೆ 1.11. ಎರಡನೆಯವರದು 32% ಮತ್ತು 42%, ಅನುಪಾತ 0.76. ತೂಕದ ಯಂತ್ರ ಇಬ್ಬರಿಗೂ ಒಂದೇ ಮಾತು ಹೇಳುತ್ತದೆ. ಆದರೆ ಸಕ್ಕರೆ, ಟ್ರೈಗ್ಲಿಸರೈಡ್, ಬಿ.ಪಿ.ಯನ್ನು ಬೇಗ ನೋಡಿಸಬೇಕಾದವರು ಮೊದಲನೆಯವರು.

ಇಲ್ಲಿ ಒಂದು ಎಡವಟ್ಟು ಆಗುತ್ತಿರುತ್ತದೆ. ಕೆಲವು ಅಧ್ಯಯನಗಳು ಶೇಕಡಾವಾರು ಬಿಟ್ಟು ಕೊಬ್ಬಿನ ತೂಕವನ್ನೇ ಭಾಗಿಸುತ್ತವೆ. ಮೊದಲನೆಯವರ ತೊಡೆಯ ಪೆಟ್ಟಿಗೆಯಲ್ಲಿ 3.24 ಕೆ.ಜಿ. ಕೊಬ್ಬಿದ್ದರೆ ಆ ಲೆಕ್ಕದಲ್ಲಿ ಅನುಪಾತ 0.49. ಅದೇ ದೇಹ, ಅದೇ ಸ್ಕ್ಯಾನ್. ಇಂಟರ್ನೆಟ್ಟಿನಲ್ಲಿ ಕಂಡ ಅಂಕಿಗೆ ನಿಮ್ಮದನ್ನು ಹೋಲಿಸುವ ಮೊದಲು ಅದು ಯಾವ ಲೆಕ್ಕದ್ದು ಅಂತ ನೋಡಲೇಬೇಕು.

ನನಗೆ ಮುಖ್ಯ ಅನ್ನಿಸುವುದು ಭಾಗಿಸುವ ಅಂಕಿ, ಅಂದರೆ ತೊಡೆಯ ಕೊಬ್ಬು. ಅದು ಬರೀ ಹೋಲಿಕೆಗೆ ಇಟ್ಟದ್ದಲ್ಲ. ಊಟದ ನಂತರ ರಕ್ತದಲ್ಲಿ ಬರುವ ಕೊಬ್ಬನ್ನು ಅದು ಹಿಡಿದಿಟ್ಟುಕೊಳ್ಳುತ್ತದೆ, ನಿಧಾನವಾಗಿ ಬಿಡುತ್ತದೆ. ಅಲ್ಲಿ ಜಾಗ ಸಾಲದಿದ್ದರೆ ಕೊಬ್ಬು ಲಿವರ್, ಸ್ನಾಯುಗಳಲ್ಲಿ ಸೇರಿಕೊಂಡು ಇನ್ಸುಲಿನ್ ಕೆಲಸಕ್ಕೆ ಅಡ್ಡ ಬರುತ್ತದೆ. ಹುಟ್ಟಿನಿಂದ ಬಂದ ದೋಷದಿಂದ ಕೈಕಾಲು, ಕುಂಡೆಯ ಕೊಬ್ಬು ಕರಗಿ ಹೋಗುವ ಒಂದು ಅಪರೂಪದ ಕಾಯಿಲೆ ಇದೆ. ಅಂಥವರು ತೆಳ್ಳಗಿದ್ದರೂ ಅವರಲ್ಲಿ ಸಕ್ಕರೆ ಕಾಯಿಲೆ ಬಹಳ. ಹಾಗಾಗಿ ಅನುಪಾತ ಜಾಸ್ತಿ ಬಂದಾಗ ಹೊಟ್ಟೆ ಬೆಳೆದಿದೆಯೋ, ತೊಡೆ ಸಣ್ಣಗಾಗಿದೆಯೋ ಅಂತ ಎರಡೂ ಅಂಕಿ ಬಿಡಿಬಿಡಿಯಾಗಿ ಓದಿ. ಮುಟ್ಟು ನಿಂತ ಮೇಲೆ ಹೆಂಗಸರಲ್ಲಿ ಕೊಬ್ಬು ಹೊಟ್ಟೆಯ ಕಡೆ ವಾಲುವುದರಿಂದ ಅವರಿಗೆ ಇದು ಇನ್ನೂ ಮುಖ್ಯ.

ಮಿತಿಗಳೂ ಇವೆ. ಸಣಕಲು ಗಂಡಸಿನಲ್ಲಿ ಎರಡೂ ಕಡೆ 12% ಇದ್ದರೂ ಅನುಪಾತ 1 ಬರುತ್ತದೆ. ಅಷ್ಟಕ್ಕೇ ಅವನಿಗೆ ಅಪಾಯ ಅನ್ನೋಕಾಗಲ್ಲ. ಈ ಅನುಪಾತ ಚರ್ಮದ ಕೆಳಗಿನ ಕೊಬ್ಬನ್ನೂ ಕರುಳಿನ ಸುತ್ತಲಿನದನ್ನೂ ಸೇರಿಸಿಯೇ ಎಣಿಸುತ್ತದೆ, ಆದರೆ ಹೆಚ್ಚು ಕೆಡುಕು ಮಾಡುವುದು ಒಳಗಿನದು. ಎಲ್ಲರೂ ಒಪ್ಪಿದ ಗಡಿ ಅಂಕಿಯೂ ಇಲ್ಲ. 1 ದಾಟಿದರೆ ಕಾಯಿಲೆ ಅನ್ನೋದು ತಪ್ಪು.

ಇದೊಂದಕ್ಕೇ ಅಂತ ರಾಯಚೂರಿನಿಂದ ಬಸ್ಸು ಹತ್ತಬೇಕಿಲ್ಲ. ಟೇಪು ಸಾಕು. ಪಕ್ಕೆಲುಬಿನ ಕೆಳಗಂಚಿಗೂ ಸೊಂಟದ ಮೂಳೆಗೂ ನಡುವೆ, ಉಸಿರು ಬಿಟ್ಟಾಗ ಅಳೆಯಿರಿ. ಭಾರತೀಯರಿಗೆ ಗಂಡಸರಲ್ಲಿ 90 ಸೆಂ.ಮೀ., ಹೆಂಗಸರಲ್ಲಿ 80 ಸೆಂ.ಮೀ. ಮುಟ್ಟಿದರೆ ಹತ್ತಿರದ ಆಸ್ಪತ್ರೆಯಲ್ಲಿ ಖಾಲಿ ಹೊಟ್ಟೆಯ ಸಕ್ಕರೆ, ಟ್ರೈಗ್ಲಿಸರೈಡ್, ಬಿ.ಪಿ. ನೋಡಿಸಿ. ಸ್ಕ್ಯಾನ್ ಆಗಲೇ ಆಗಿದ್ದರೆ ಆ ರಿಪೋರ್ಟನ್ನೂ ಜೊತೆಗೆ ಒಯ್ಯಿರಿ.